ಗೆಳೆಯನ ನುಡಿನಮನಕ್ಕೆ ಐದು ನಿಮಿಷದ ಮಾತು

ನುಡಿನಮನದ ಸಭೆಗೆ ದಿನ ಗೊತ್ತಾದ ಮೇಲೆ ಅತ್ತಿಗೆ ಫೋನ್ ಮಾಡಿದರು. ಅತ್ತಿಗೆ ಅಂದರೆ ತೀರಿಕೊಂಡ ನನ್ನ ಗೆಳೆಯನ ಹೆಂಡತಿ. "ನೀವೊಂದು ಐದು ನಿಮಿಷ ಮಾತಾಡಿ. ಉಳಿದವರೆಲ್ಲ ಹೊಗಳ್ತಾರೆ. ಅವರು ಹೇಗಿದ್ರೋ ಹಾಗೆ ನೀವು ಹೇಳಿ" ಅಂದರು. ಹೇಗಿದ್ದನೋ ಹಾಗೆ ಹೇಳುವುದು ಎಷ್ಟು ಕಷ್ಟ ಅನ್ನುವುದು ಬರೆಯಲು ಕೂತಾಗ ಗೊತ್ತಾಯಿತು. ಅವನನ್ನು ನಾನು ತುಂಬಾ ಹಚ್ಚಿಕೊಂಡಿದ್ದೆ. ಅವನ ಜೊತೆ ಬದುಕುವುದು ಸುಲಭ ಇರಲಿಲ್ಲ ಅನ್ನುವುದೂ ಅಷ್ಟೇ ನಿಜ. ಎರಡನ್ನೂ ಒಂದೇ ಹಾಳೆಯ ಮೇಲೆ ತರಬೇಕಿತ್ತು, ಅದೂ ಅವನ ಮನೆಯವರೆಲ್ಲ ಎದುರಿಗೆ ಕೂತಿರುವಾಗ.

ಬರೆಯುವ ಮೊದಲು ಅತ್ತಿಗೆಯನ್ನೇ ಕೆಲವು ವಿಷಯ ಕೇಳಿಕೊಂಡೆ. ನನ್ನ ಜೊತೆ ಇನ್ನು ಯಾರು ಮಾತಾಡುತ್ತಾರೆ, ಯಾರ ನಂತರ ನಾನು, ಎದುರಿಗೆ ಯಾರೆಲ್ಲ ಇರುತ್ತಾರೆ ಅಂತ. ಅವನ ಆಫೀಸಿನವರೊಬ್ಬರು ಕೆಲಸದ ಬಗ್ಗೆ ಹೇಳುತ್ತಾರೆ ಅಂತ ಗೊತ್ತಾಯಿತು. ಹಾಗಾಗಿ ಓದು, ಕೆಲಸ, ಬಡ್ತಿ, ನಿವೃತ್ತಿ ಅಂತ ಶುರುವಾಗುವ ಪರಿಚಯದ ಭಾಗ ನನಗೆ ಬೇಕಾಗಲಿಲ್ಲ. ಅದರಿಂದ ದೊಡ್ಡ ಉಪಕಾರವಾಯಿತು. ಐದು ನಿಮಿಷದಲ್ಲಿ ಹುಟ್ಟಿದ್ದರಿಂದ ಹಿಡಿದು ಹೇಳಲು ಹೊರಟರೆ ಮನುಷ್ಯ ಕಾಣಿಸುವ ಹೊತ್ತಿಗೆ ಟೈಮ್ ಮುಗಿದಿರುತ್ತದೆ.

ಐದು ನಿಮಿಷ ಅಂದರೆ ಎಷ್ಟು ಬರೆಯಬೇಕು? ಗಟ್ಟಿಯಾಗಿ, ನಿಧಾನವಾಗಿ ಓದಿ ಫೋನಿನಲ್ಲಿ ಟೈಮ್ ನೋಡಿದೆ. ನನ್ನ ಬಾಯಲ್ಲಿ ನಿಮಿಷಕ್ಕೆ 80ರಿಂದ 90 ಪದ ಬರುತ್ತದೆ. ಕನ್ನಡದ ಪದಗಳು ಉದ್ದ, ವಿಭಕ್ತಿ ಸೇರಿ ಇನ್ನೂ ಉದ್ದವಾಗುತ್ತವೆ, ಹಾಗಾಗಿ ಇಷ್ಟೇ. ಲೆಕ್ಕಕ್ಕೆ 400 ಪದ ಆದರೂ 350ಕ್ಕೆ ನಿಲ್ಲಿಸಬೇಕು ಅಂದುಕೊಂಡೆ. ಗಂಟಲು ಕಟ್ಟಿದರೆ ಸ್ವಲ್ಪ ನಿಲ್ಲಬೇಕಾಗುತ್ತದೆ, ಜನ ನಕ್ಕರೆ ಅದಕ್ಕೂ ಜಾಗ ಬೇಕು. ಮನೆಯಲ್ಲಿ ಒಬ್ಬನೇ ಓದುವಾಗ ಇವೆರಡೂ ಲೆಕ್ಕಕ್ಕೆ ಬರುವುದಿಲ್ಲ.

ಮೊದಲು ಬರೆದಿದ್ದು ಒಂದು ಪುಟ. ಮಾರನೇ ದಿನ ಓದಿದರೆ ಅದರಲ್ಲಿ ಅವನು ಎಲ್ಲೂ ಇರಲಿಲ್ಲ. "ಸ್ನೇಹಜೀವಿ", "ನೇರ ನುಡಿಯ ವ್ಯಕ್ತಿ", "ಅವರ ಅಗಲಿಕೆ ತುಂಬಲಾರದ ನಷ್ಟ". ಈ ಮಾತುಗಳು ತಾವಾಗೇ ಬಂದು ಕೂತಿದ್ದವು. ಇನ್ನೇನು "ಅಜಾತಶತ್ರು" ಅಂತಲೂ ಬರೆಯುತ್ತಿದ್ದೆ, ಅವನಿಗೆ! ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅನ್ನುವ ಗಾದೆ ಸುಮ್ನೆ ಹುಟ್ಟಿದ್ದಲ್ಲ. ದುಃಖದಲ್ಲಿ ಇರುವಾಗ ಕೈಗೆ ಮೊದಲು ಸಿಗುವುದೇ ಇಂಥ ಮಾತು. ಇವು ಸುಳ್ಳು ಅಂತಲ್ಲ. ಯಾರ ಫೋಟೋದ ಕೆಳಗೆ ಬರೆದರೂ ನಡೆಯುತ್ತವೆ, ತೊಂದರೆ ಅದೇ. ಪೆನ್ನು ಹಿಡಿದು ಪುಟದ ಒಂದೊಂದು ಗುಣವಾಚಕಕ್ಕೂ ಗುಂಡು ಸುತ್ತಿದೆ. ಪಕ್ಕದಲ್ಲಿ "ಯಾವಾಗ? ಎಲ್ಲಿ? ಏನು ಮಾಡಿದ?" ಅಂತ ಬರೆದೆ. ಉತ್ತರ ಇರುವ ಪದ ಹೋಗಿ ಆ ಜಾಗಕ್ಕೆ ಘಟನೆ ಬಂತು. ಉತ್ತರ ಇಲ್ಲದ್ದು ಹೋಯಿತು, ಅಷ್ಟೇ.

ಹಾಗೆ ಹುಡುಕುವಾಗ ನಿಜವಾದ ವಿಷಯ ಎದುರಿಗೆ ಬಂತು. ಅವನಿಗೆ ಸಿಟ್ಟು ಬಂದರೆ ಕೂಗಾಡುತ್ತಿರಲಿಲ್ಲ, ಮಾತು ಬಿಡುತ್ತಿದ್ದ. ವಾರ ಅಲ್ಲ, ತಿಂಗಳುಗಟ್ಟಲೆ. ಕೆಲವರ ಜೊತೆ ವರ್ಷಗಟ್ಟಲೆ. ಅವನನ್ನು ಹತ್ತಿರದಿಂದ ಬಲ್ಲವರಲ್ಲಿ ಈ ಮೌನದ ಏಟು ತಿನ್ನದವರು ಕಡಿಮೆ. ಇದನ್ನು ಬಿಟ್ಟು ಮಾತಾಡಿದರೆ ಸಭೆಯಲ್ಲಿ ಕೂತವರಿಗೆಲ್ಲ ನಾನು ಏನು ಮುಚ್ಚಿಡುತ್ತಿದ್ದೇನೆ ಅಂತ ಗೊತ್ತಾಗುತ್ತಿತ್ತು. ಆಮೇಲೆ ನಾನು ಹೇಳುವ ಒಳ್ಳೆಯ ಮಾತನ್ನೂ ಅವರು ಅರ್ಧ ನಂಬುತ್ತಿದ್ದರು.

ಹಾಗಂತ ಗೊತ್ತಿದ್ದನ್ನೆಲ್ಲ ಹೇಳುವ ಹಕ್ಕು ನನಗಿರಲಿಲ್ಲ. ಇಷ್ಟು ವರ್ಷದ ಸ್ನೇಹದಲ್ಲಿ ಅವನ ಮನೆಯ ವಿಷಯ, ದುಡ್ಡಿನ ವಿಷಯ, ಕೊನೆಯ ದಿನಗಳ ಕಾಯಿಲೆಯ ವಿಷಯ ಎಷ್ಟೋ ತಿಳಿದಿದ್ದವು. ಯಾವುದನ್ನು ಇಟ್ಟುಕೊಳ್ಳಬೇಕು ಅಂತ ತೂಗಿ ನೋಡಲು ಮೂರು ಪ್ರಶ್ನೆ ಇಟ್ಟುಕೊಂಡೆ. ಇದು ಸಭೆಯಲ್ಲಿರುವ ಬಹಳ ಜನಕ್ಕೆ ಮೊದಲೇ ಗೊತ್ತಾ? ಅವನು ಬದುಕಿದ್ದಾಗ ಅವನ ಎದುರಿಗೇ ನಾಲ್ಕು ಜನರ ಮಧ್ಯೆ ಇದನ್ನು ನಾನು ಹೇಳುತ್ತಿದ್ದೆನಾ? ಇದರಿಂದ ನೋವು ತಿಂದಿದ್ದು ನಾನಾ, ಬೇರೆಯವರಾ? ಕಾಯಿಲೆಯ ವಿಷಯ ಎರಡನೇ ಪ್ರಶ್ನೆಯಲ್ಲೇ ಬಿತ್ತು. ದುಡ್ಡಿನ ವಿಷಯ ಮೊದಲನೆಯದರಲ್ಲಿ. ಮಾತು ಬಿಡುವ ಗುಣ ಮೊದಲ ಎರಡನ್ನೂ ದಾಟಿ ಮೂರನೆಯದರಲ್ಲಿ ಸಿಕ್ಕಿಹಾಕಿಕೊಂಡಿತು. ಯಾಕೆಂದರೆ ಅವನ ಸ್ವಂತ ತಮ್ಮನ ಜೊತೆ ಅವನು ಬಹಳ ವರ್ಷದಿಂದ ಮಾತಾಡಿರಲಿಲ್ಲ. ಆ ತಮ್ಮ ಮೊದಲ ಸಾಲಿನಲ್ಲೇ ಕೂತಿರುತ್ತಾನೆ.

ನಾನು ಬರೆದುಕೊಂಡಿದ್ದ ಸಾಲು ಹೀಗಿತ್ತು: "ಸಿಟ್ಟು ಬಂದರೆ ಅವನು ಯಾರ ಜೊತೆ ಬೇಕಾದರೂ ವರ್ಷಗಟ್ಟಲೆ ಮಾತು ಬಿಡುತ್ತಿದ್ದ." ಸಾಲು ನಿಜ. ಆದರೆ "ಯಾರ ಜೊತೆ ಬೇಕಾದರೂ" ಅಂದ ತಕ್ಷಣ ಸಭೆಯ ಕಣ್ಣೆಲ್ಲ ತಮ್ಮನ ಕಡೆ ತಿರುಗುತ್ತದೆ. ಅವನ ಗಾಯವನ್ನು ಅವನ ಪರವಾಗಿ ನಾನು ಮೈಕಿನಲ್ಲಿ ತೋರಿಸಿದ ಹಾಗೆ ಆಗುತ್ತದೆ. ಸಾಲನ್ನು ಹೀಗೆ ಬದಲಿಸಿದೆ: "ನನ್ನ ಜೊತೆ ಅವನು ಒಂದು ಸಲ ಮಾತು ಬಿಟ್ಟ." ಸಾರಾಂಶ ಹೋಗಿ ನನಗೇ ಆಗಿದ್ದ ಒಂದು ಘಟನೆ ಬಂತು. ಗುಣ ಅದೇ. ಗೊತ್ತಿದ್ದವರಿಗೆ ಉಳಿದಿದ್ದು ತಾನಾಗೇ ತಿಳಿಯುತ್ತದೆ, ಗೊತ್ತಿಲ್ಲದವರಿಗೆ ತಿಳಿಯಬೇಕಾಗಿಲ್ಲ.

ಅಷ್ಟಾದರೂ ತಮ್ಮನನ್ನು ಕೇಳದೆ ಓದಲು ಮನಸ್ಸು ಬರಲಿಲ್ಲ. ಅತ್ತಿಗೆಯ ಮನೆಯಲ್ಲೇ ಅವನು ಸಿಕ್ಕಿದ. ಹಾಳೆ ಕೊಟ್ಟು, "ಇದರಲ್ಲಿ ನಿಮಗೆ ಬೇಡ ಅನ್ನಿಸಿದ್ದು ಏನಿದ್ರೂ ಹೇಳಿ, ತೆಗೀತೀನಿ" ಅಂದೆ. ಅವನು ನಿಧಾನವಾಗಿ ಓದಿದ. "ಇರಲಿ. ಇದನ್ನ ತೆಗೆದ್ರೆ ನೀವು ಮಾತಾಡ್ತಿರೋದು ಅಣ್ಣನ ಬಗ್ಗೆ ಅಂತ ನನಗೆ ಅನಿಸೋದಿಲ್ಲ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ನನ್ನ ಹೆಸರು ಮಾತ್ರ ಎಲ್ಲೂ ಬರೋದು ಬೇಡ" ಅಂತಲೂ ಸೇರಿಸಿದ. ಆ ಹಾಳೆಯಲ್ಲಿ ಅವನ ಹೆಸರು ಮೊದಲೇ ಇರಲಿಲ್ಲ. ಮನೆಯವರನ್ನೆಲ್ಲ ಒಟ್ಟಿಗೆ ಹೇಳುವಲ್ಲಿ "ತಮ್ಮ" ಅನ್ನುವ ಪದ ಇತ್ತು. ಅದನ್ನೂ ತೆಗೆದು "ಮನೆಯವರು" ಅಂತ ಮಾಡಿದೆ.

ಓದಿದ ಆ ಭಾಗವನ್ನು ಇಲ್ಲಿ ಹಾಗೇ ಕೊಡುತ್ತೇನೆ.

"ನನಗೂ ಅವನಿಗೂ ಒಂದು ಸಲ ಜಗಳ ಆಯಿತು. ಅವನು ಮಾತು ಬಿಟ್ಟ. ಒಂದು ದಿನ, ಎರಡು ದಿನ ಅಲ್ಲ, ವರ್ಷದ ಮೇಲೆ. ಫೋನ್ ಮಾಡಿದೆ, ಎತ್ತಲಿಲ್ಲ. ಮನೆಗೆ ಹೋದೆ. ಬಾಗಿಲು ತೆಗೆದು, ನನ್ನನ್ನು ನೋಡಿ, ಒಳಗೆ ಹೋಗಿ ಪೇಪರ್ ಹಿಡಿದು ಕೂತ. ಆ ವರ್ಷವೇ ನಮ್ಮ ಅಪ್ಪ ಆಸ್ಪತ್ರೆ ಸೇರಿದರು. ಮೊದಲನೇ ರಾತ್ರಿ ತಲೆ ಎತ್ತಿ ನೋಡುತ್ತೇನೆ, ವಾರ್ಡಿನ ಬಾಗಿಲಲ್ಲಿ ಇವನು. ಕೈಯಲ್ಲಿ ಬಿಸಿನೀರಿನ ಫ್ಲಾಸ್ಕ್. ನನ್ನ ಮುಖ ನೋಡಲಿಲ್ಲ. ನೇರ ಅಪ್ಪನ ಮಂಚದ ಹತ್ತಿರ ಹೋಗಿ, 'ನಿಮ್ಮ ಮಗನಿಗೆ ಹೇಳಿ, ಮನೆಗೆ ಹೋಗಿ ಮಲಗಲಿ. ರಾತ್ರಿ ನಾನಿರ್ತೀನಿ' ಅಂದ. ನಾನು ಎರಡು ಹೆಜ್ಜೆ ಆಚೆ ನಿಂತಿದ್ದೆ. ಅಪ್ಪ ನನ್ನ ಕಡೆ ತಿರುಗಿ, 'ಕೇಳಿಸ್ತಾ?' ಅಂದರು. ಅಪ್ಪ ಮನೆಗೆ ಬರುವ ತನಕ ಅವನು ದಿನಾ ರಾತ್ರಿ ಬಂದ. ಅವರಿಗೆ ದಿಂಬು ಸರಿಮಾಡಿದ, ಪೇಪರ್ ಓದಿ ಹೇಳಿದ. ನನ್ನ ಜೊತೆ ಮಾತ್ರ ಒಂದು ಮಾತೂ ಆಡಲಿಲ್ಲ."

ಈ ಭಾಗದಲ್ಲಿ ಬೇಕು ಅಂತಲೇ ಬಿಟ್ಟ ಒಂದು ವಿಷಯ ಇದೆ. ಜಗಳ ಯಾಕಾಯಿತು ಅನ್ನುವುದು. ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಕಾರಣ ಹೇಳಿದರೆ ಕೇಳುವವರು ತಕ್ಷಣ ಯಾರದು ಸರಿ, ಯಾರದು ತಪ್ಪು ಅಂತ ಪಂಚಾಯ್ತಿಗೆ ಕೂರುತ್ತಾರೆ. ನನ್ನ ಕಡೆಯ ವಾದ ಹೇಳಲು ನನಗೆ ಮೈಕಿದೆ, ಅವನಿಗಿಲ್ಲ. ಅದು ನ್ಯಾಯ ಅಲ್ಲ.

ಇನ್ನೊಂದು ಕಡೆ ಬಹಳ ಹೊತ್ತು ಕೂತೆ. ಘಟನೆಯ ಕೆಳಗೆ, "ಅವನು ಸಿಟ್ಟಿನ ಮನುಷ್ಯ, ಆದರೆ ಹೃದಯ ದೊಡ್ಡದು" ಅಂತ ಬರೆದಿದ್ದೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಹೀಗೆ ಹೇಳಿದಾಗ ಹಿಂದಿನ ಮಾತನ್ನು ಮುಂದಿನ ಮಾತು ಒರೆಸಿಹಾಕುತ್ತದೆ. ಆಸ್ಪತ್ರೆಗೆ ಬಂದ, ಆದ್ದರಿಂದ ಆ ಮೌನ ಲೆಕ್ಕಕ್ಕಿಲ್ಲ ಅಂದ ಹಾಗಾಗುತ್ತದೆ. ನನಗೆ ಅದು ಲೆಕ್ಕಕ್ಕಿತ್ತು. ಆ ವರ್ಷ ನನಗೆ ವಾಪಸ್ ಸಿಗಲಿಲ್ಲ. ಕೊನೆಗೆ ಉಳಿದ ಸಾಲುಗಳು ಇವು: "ಆ ಮೌನ ಸರಿ ಅಂತ ನಾನು ಇವತ್ತೂ ಅನ್ನುವುದಿಲ್ಲ. ಆ ರಾತ್ರಿಗಳನ್ನು ಮರೆಯುವುದೂ ಇಲ್ಲ." ಎರಡೂ ಮಾತು ಪಕ್ಕಪಕ್ಕ ಇರಲಿ, ಒಂದು ಇನ್ನೊಂದಕ್ಕೆ ಸಮಾಧಾನ ಹೇಳುವುದು ಬೇಡ ಅನ್ನಿಸಿತು. ನುಡಿನಮನದಲ್ಲಿ ಪ್ರೀತಿ ಮತ್ತು ನಿಜ ಎರಡನ್ನೂ ಇಡಬೇಕು ಅನ್ನುವವರು ಸಾಮಾನ್ಯವಾಗಿ ಒಂದು ಗುಣ, ಒಂದು ದೋಷ ಅಂತ ಸಮ ಮಾಡಲು ಹೋಗುತ್ತಾರೆ. ಅದು ವರದಿಯ ಹಾಗೆ ಕೇಳಿಸುತ್ತದೆ. ಎರಡೂ ಒಟ್ಟಿಗೇ ಕಾಣುವ ಒಂದು ಘಟನೆ ಸಿಕ್ಕರೆ ತೂಗುವ ಕೆಲಸವೇ ಇರುವುದಿಲ್ಲ.

ಅತ್ತಿಗೆಗೆ ಓದಿ ಹೇಳಿದಾಗ ಅವರು ನನಗೆ ಗೊತ್ತೇ ಇಲ್ಲದ ಒಂದು ಮಾತು ಕೊಟ್ಟರು. ಆಸ್ಪತ್ರೆಯಿಂದ ಬೆಳಗ್ಗೆ ಮನೆಗೆ ಬಂದವನು ಮೊದಲು ನಮ್ಮ ಅಪ್ಪನ ಜ್ವರ ಎಷ್ಟಿತ್ತು ಅಂತ ಹೇಳುತ್ತಿದ್ದನಂತೆ. ಆಮೇಲೆ, "ಅವನೂ ಇಳಿದುಹೋಗಿದ್ದಾನೆ" ಅನ್ನುತ್ತಿದ್ದನಂತೆ. ಅವನು ಅಂದರೆ ನಾನು. "ಹಾಗಾದ್ರೆ ಮಾತಾಡಿ ಅಂದ್ರೆ ಎದ್ದು ಸ್ನಾನಕ್ಕೆ ಹೋಗ್ತಿದ್ರು" ಅಂದರು ಅತ್ತಿಗೆ. ಅವರ ಒಪ್ಪಿಗೆ ಕೇಳಿ ಇದನ್ನೂ ಸೇರಿಸಿದೆ, "ಇದು ಅತ್ತಿಗೆ ಹೇಳಿದ್ದು" ಅಂತ ಹೇಳಿಯೇ. ಮನೆಯವರಿಗೆ ಮೊದಲೇ ಓದಿ ಹೇಳುವುದು ಬರೀ ಒಪ್ಪಿಗೆಗೆ ಅಂದುಕೊಂಡಿದ್ದೆ. ಇಡೀ ಮಾತಿನ ಅತಿ ಒಳ್ಳೆಯ ಸಾಲು ಅಲ್ಲಿ ಸಿಕ್ಕಿತು.

ಏಕವಚನದ ಪ್ರಶ್ನೆಯೂ ಇತ್ತು. ನಾವಿಬ್ಬರೂ ಶಾಲೆಯಿಂದ "ಲೋ" ಅಂತಲೇ ಕರೆದುಕೊಂಡವರು. ಸಭೆಯಲ್ಲಿ ಅವನ ಕೈಕೆಳಗೆ ಕೆಲಸ ಮಾಡಿದವರಿದ್ದರು, ಮಕ್ಕಳಿದ್ದರು. ಅವರೆಲ್ಲರಿಗೂ ಅವನು "ಅವರು". ಬಹುವಚನದಲ್ಲಿ ಬರೆದು ನೋಡಿದೆ. "ಅವರು ಮಾತು ಬಿಟ್ಟರು, ಫ್ಲಾಸ್ಕ್ ತಂದರು" ಅಂದಾಗ ಯಾರೋ ಮೇಲಧಿಕಾರಿ ಬಂದು ಹೋದ ಹಾಗಿತ್ತು. ಮೊದಲ ಸಾಲಿನಲ್ಲೇ ಒಂದು ಮಾತು ಹೇಳಿ ಮುಗಿಸಿದೆ: "ನಾನು ಅವನನ್ನು ಯಾವತ್ತೂ ಬಹುವಚನದಲ್ಲಿ ಕರೆದವನಲ್ಲ. ಇವತ್ತು ಶುರುಮಾಡಿದರೆ ಅವನಿಗೇ ಸಿಟ್ಟು ಬರುತ್ತದೆ." ಸಭೆ ಅಲ್ಲೇ ಒಂದು ಸಲ ಸಣ್ಣಗೆ ನಕ್ಕಿತು. ಎಲ್ಲರ ಭುಜ ಸ್ವಲ್ಪ ಇಳಿಯಿತು, ನನ್ನದೂ. "ಗೆಳೆಯಾ, ನೀನೆಲ್ಲಿ ಹೋದೆ" ಅಂತ ಅವನನ್ನೇ ಮಾತಾಡಿಸುವ ಒಂದು ಪ್ಯಾರಾ ಇತ್ತು, ಅದನ್ನು ತೆಗೆದೆ. ಅದನ್ನು ಓದಿದಾಗೆಲ್ಲ ಗಂಟಲು ಕಟ್ಟುತ್ತಿತ್ತು. ಜೊತೆಗೆ ಅಲ್ಲಿ ಕೂತವರು ನಮ್ಮಿಬ್ಬರ ಖಾಸಗಿ ಮಾತನ್ನು ಕದ್ದು ಕೇಳಿದಂತೆ ಆಗುತ್ತಿತ್ತು.

ಓದುವ ತಯಾರಿಯ ಬಗ್ಗೆ ಸ್ವಲ್ಪ ಹೇಳಬೇಕು. ನೋಡದೇ ಹೇಳಿದರೆ ಮನಸ್ಸಿನಿಂದ ಬಂದ ಹಾಗಿರುತ್ತದೆ ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ದುಃಖದಲ್ಲಿ ನೆನಪು ಕೈಕೊಡುತ್ತದೆ, ಮಾತು ಬೆಳೆಯುತ್ತದೆ, ಬಿಡಬೇಕು ಅಂದುಕೊಂಡಿದ್ದೇ ಬಾಯಿಗೆ ಬರುತ್ತದೆ. ಅಷ್ಟು ತೂಗಿ ಇಟ್ಟ ಸಾಲುಗಳನ್ನು ಹಾಗೆ ಬಿಟ್ಟುಕೊಡಲು ನಾನು ತಯಾರಿರಲಿಲ್ಲ. 18 ಪಾಯಿಂಟ್ ಅಕ್ಷರದಲ್ಲಿ, ಸಾಲುಗಳ ಮಧ್ಯೆ ಜಾಗ ಬಿಟ್ಟು ಪ್ರಿಂಟ್ ತೆಗೆಸಿದೆ. ಕಣ್ಣು ಮಂಜಾದರೂ ಒತ್ತಕ್ಷರ ಕಾಣಬೇಕಲ್ಲ. ಪುಟದ ಕೊನೆಯಲ್ಲಿ ವಾಕ್ಯ ಮುಗಿಯುವ ಹಾಗೆ ನೋಡಿಕೊಂಡೆ, ಪುಟಕ್ಕೆ ನಂಬರ್ ಹಾಕಿದೆ, ಪಿನ್ ಹೊಡೆಯಲಿಲ್ಲ. ಹಾಳೆ ಸ್ವಲ್ಪ ದಪ್ಪದ್ದು ತಗೊಂಡೆ. ಕೈ ನಡುಗಿದರೆ ತೆಳು ಹಾಳೆಯ ಸರಪರ ಮೈಕಿನಲ್ಲಿ ಎಲ್ಲರಿಗೂ ಕೇಳಿಸುತ್ತದೆ. ಕೈಯಲ್ಲಿ ಹಿಡಿಯುವ ಮೈಕ್ ಇದ್ದರೆ ಹಾಳೆ ತಿರುಗಿಸಲು ಒಂದೇ ಕೈ ಉಳಿಯುತ್ತದೆ ಅಂತ ಸ್ಟ್ಯಾಂಡ್ ಮೊದಲೇ ಕೇಳಿಟ್ಟಿದ್ದೆ.

ಗಟ್ಟಿಯಾಗಿ ಓದುತ್ತಾ ಹೋದಾಗ ಎಲ್ಲಿ ಕಷ್ಟವಾಗುತ್ತದೆ ಅನ್ನುವುದು ತಿಳಿಯಿತು. ಸಾವಿನ ಮಾತು ಇರುವ ಕಡೆ ಏನೂ ಆಗಲಿಲ್ಲ. ಅಪ್ಪನ "ಕೇಳಿಸ್ತಾ?" ಬಂದಾಗ ಗಂಟಲು ಹಿಡಿಯುತ್ತಿತ್ತು. ಯಾರದ್ದಾದರೂ ಮಾತನ್ನು ಅವರ ದನಿಯಲ್ಲೇ ಹೇಳುವಾಗ ಅವರು ಎದುರಿಗೆ ಬಂದುಬಿಡುತ್ತಾರೆ. ಆ ಸಾಲಿನ ಮೊದಲು ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದೆ. ಅಲ್ಲಿ ನಿಲ್ಲಬೇಕು, ಉಸಿರು ಪೂರ್ತಿ ಹೊರಗೆ ಬಿಡಬೇಕು, ಅತ್ತಿಗೆಯ ಮುಖ ನೋಡಬಾರದು, ಹಾಳೆ ನೋಡಬೇಕು. ಅದಾದ ಮೇಲೂ ಆಗದೇ ಹೋದರೆ ಅಂತ ಇನ್ನೊಂದು ಪ್ರತಿಯನ್ನು ನಮ್ಮಿಬ್ಬರ ಇನ್ನೊಬ್ಬ ಗೆಳೆಯನಿಗೆ ಕೊಟ್ಟಿದ್ದೆ. ನಾನು ಕೈ ತೋರಿಸಿದರೆ ಅವನು ಎದ್ದು ಬಂದು ಅಲ್ಲಿಂದ ಓದಬೇಕು. ಅವನು ಏಳಬೇಕಾಗಲಿಲ್ಲ. ಅವನು ಅಲ್ಲಿದ್ದಾನೆ ಅನ್ನುವ ಧೈರ್ಯವೇ ಸಾಕಾಯಿತು.

ಸಭೆಯಲ್ಲಿ ಆಗುವುದೆಲ್ಲ ನಮ್ಮ ಕೈಯಲ್ಲಿರುವುದಿಲ್ಲ. ನನಗಿಂತ ಮೊದಲು ಮಾತಾಡಿದವರು ಅವರ ಟೈಮ್ ಮೀರಿ ಬಹಳ ಹೊತ್ತು ತಗೊಂಡರು. ನಾನು ಮೈಕಿನ ಹತ್ತಿರ ಹೋಗುವಾಗ ಸಭೆ ನಡೆಸುತ್ತಿದ್ದವರು ಕಿವಿಯಲ್ಲಿ, "ಸ್ವಲ್ಪ ಚಿಕ್ಕದು ಮಾಡಿ" ಅಂದರು. ಇದು ಆಗಬಹುದು ಅಂತ ಅನುಮಾನ ಇದ್ದಿದ್ದರಿಂದ ಶಾಲೆಯ ದಿನಗಳ ಪ್ಯಾರಾ ಒಂದರ ಸುತ್ತ ಚೌಕ ಹಾಕಿ ಇಟ್ಟಿದ್ದೆ. ಅದನ್ನು ಬಿಟ್ಟರೆ ಹಿಂದಿನದಕ್ಕೂ ಮುಂದಿನದಕ್ಕೂ ಕೊಂಡಿ ತಪ್ಪುತ್ತಿರಲಿಲ್ಲ. ಅದನ್ನು ಬಿಟ್ಟೆ. ಆತುರದಲ್ಲಿ ಅಲ್ಲೇ ಕತ್ತರಿಸಲು ಹೋಗಿದ್ದರೆ ಮೌನದ ಮಾತು ಉಳಿದು ಆಸ್ಪತ್ರೆ ಹೋಗುತ್ತಿತ್ತೋ ಏನೋ. ಅವೆರಡರಲ್ಲಿ ಒಂದನ್ನೇ ಹೇಳಿದರೆ ಅದು ಅವನಿಗೆ ಮಾಡುವ ಅನ್ಯಾಯ.

ಮಾತಿನ ಕೊನೆಗೆ "ಅವನ ಆತ್ಮಕ್ಕೆ ಶಾಂತಿ ಸಿಗಲಿ" ಅಂತ ನಾನು ಹೇಳಲಿಲ್ಲ. ಬೇರೆಯವರು ಹೇಳಿದ್ದರು, ಅವರ ಬಾಯಲ್ಲಿ ಅದು ಸರಿಯಾಗೇ ಇತ್ತು. ನಾನು ಮತ್ತೆ ಮಾತು ಶುರುವಾದ ದಿನವನ್ನು ಹೇಳಿ ನಿಲ್ಲಿಸಿದೆ. ಅಪ್ಪ ಮನೆಗೆ ಬಂದು ಎಷ್ಟೋ ತಿಂಗಳಾದ ಮೇಲೆ ಅವನೇ ಫೋನ್ ಮಾಡಿ, ಏನೂ ಆಗಿಲ್ಲವೇನೋ ಅನ್ನುವ ಹಾಗೆ, "ಏನ್ ಮಾಡ್ತಿದ್ದೀಯೋ?" ಅಂದಿದ್ದ. ನಾನು "ಏನಿಲ್ಲ, ಸುಮ್ನೆ ಕೂತಿದ್ದೀನಿ" ಅಂದಿದ್ದೆ. ನಮ್ಮ ರಾಜಿ ಅಷ್ಟೇ ಇದ್ದಿದ್ದು.

ಸಭೆ ಮುಗಿದ ಮೇಲೆ ಅವನ ಸಂಬಂಧಿಕರಲ್ಲಿ ಹಿರಿಯರೊಬ್ಬರು ಪಕ್ಕಕ್ಕೆ ಕರೆದು, "ಮಾತು ಬಿಟ್ಟಿದ್ದ ಅಂತೆಲ್ಲ ಹೇಳಬೇಕಿತ್ತಾ? ಹೋದವರ ವಿಷಯ ಅಲ್ವಾ?" ಅಂದರು. ಅವರ ಮಾತಲ್ಲೂ ಪ್ರೀತಿಯೇ ಇತ್ತು, ಹಾಗಾಗಿ ವಾದ ಮಾಡಲಿಲ್ಲ. ಆದರೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆ ಮೌನವನ್ನು ತೆಗೆದುಹಾಕಿದರೆ ಫ್ಲಾಸ್ಕ್ ಹಿಡಿದು ಬಂದವನು ಸುಮ್ನೆ ಒಬ್ಬ ಒಳ್ಳೆಯ ಗೆಳೆಯ. ಒಳ್ಳೆಯ ಗೆಳೆಯರು ಆಸ್ಪತ್ರೆಗೆ ಬಂದೇ ಬರುತ್ತಾರೆ. ಇವನು ಅಷ್ಟು ಸಿಟ್ಟಿನಲ್ಲಿದ್ದೂ ಬಂದ. ಬಂದ ಮೇಲೂ ಸಿಟ್ಟು ಬಿಡಲಿಲ್ಲ. ನನಗೆ ಗೊತ್ತಿದ್ದವನು ಅವನೇ.

ಹಿಂದಿನಿಂದ ಬಂದ ತಮ್ಮ ಆ ಹಾಳೆಗಳ ಒಂದು ಪ್ರತಿ ಕೇಳಿದ. ಪೆನ್ಸಿಲಿನ ಗೆರೆ ಇಲ್ಲದ ಹೊಸ ಪ್ರಿಂಟ್ ತೆಗೆಸಿ, ಸಭೆಯಲ್ಲಿ ಬಿಟ್ಟಿದ್ದ ಶಾಲೆಯ ದಿನಗಳ ಪ್ಯಾರಾವನ್ನೂ ಸೇರಿಸಿ ಅವನಿಗೊಂದು, ಅತ್ತಿಗೆಗೊಂದು ಕೊಟ್ಟೆ.